ಕಪ್ಪು ಜಡೆಗೆ ಬಿಳಿ ಮಲ್ಲಿಗೆ: ಫೋಟೋದಲ್ಲಿ ಮುಡಿಸಿದ ಹೂವಿಗೆ ನೆರಳು ಕೂಡಿಸುವ ಬಗೆ

ಸೀಮಂತದ್ದೋ ನಿಶ್ಚಿತಾರ್ಥದ್ದೋ ಫೋಟೋ ಆಲ್ಬಮ್ಮಿಗೆ ಹೋಗುವ ಹೊತ್ತಿಗೆ ‘ಜಡೆ ಬೋಳಾಗಿ ಕಾಣುತ್ತೆ, ಒಂದು ಮೊಳ ಹೂ ಹಾಕಿಬಿಡಿ’ ಅನ್ನುವವರು ಇದ್ದೇ ಇರುತ್ತಾರೆ. ಇಂಟರ್ನೆಟ್ಟಿನಲ್ಲಿ ಸಿಕ್ಕ ಮಲ್ಲಿಗೆ ಮಾಲೆಯ ಚಿತ್ರವೊಂದನ್ನು ಕತ್ತರಿಸಿ ಜಡೆಯ ಮೇಲಿಟ್ಟು, Drop Shadow ಒತ್ತಿ ಕೈತೊಳೆದುಕೊಂಡರೆ ಆಗುವುದು ಏನೆಂದು ಎಲ್ಲರಿಗೂ ಗೊತ್ತು. ಹೂ ಮುಡಿದಂತೆ ಕಾಣುವುದಿಲ್ಲ, ಸ್ಟಿಕ್ಕರ್ ಅಂಟಿಸಿದಂತೆ ಕಾಣುತ್ತದೆ. ಆಗ ಹೆಚ್ಚಿನವರು ನೆರಳನ್ನು ಇನ್ನಷ್ಟು ಕಪ್ಪು ಮಾಡುತ್ತಾರೆ. ಅದರಿಂದ ಕೆಲಸ ಕೆಡುತ್ತದೆಯೇ ಹೊರತು ಸುಧಾರಿಸುವುದಿಲ್ಲ.

ಕಾರಣ ಸರಳ. ನೆರಳು ಕಾಣಿಸಬೇಕಾದರೆ ಅದು ಬೀಳುವ ಜಾಗ ಬೆಳಕಾಗಿರಬೇಕು. ನಮ್ಮ ಕೂದಲು ಕಪ್ಪು. 0 ಅಂದರೆ ಅಚ್ಚ ಕಪ್ಪು, 255 ಅಂದರೆ ಅಚ್ಚ ಬಿಳಿ ಎಂಬ ಅಳತೆಯಲ್ಲಿ, ಫೋಟೋದಲ್ಲಿ ಅದರ ಬಹುಪಾಲು 15–30ರ ಆಸುಪಾಸಿನಲ್ಲಿರುತ್ತದೆ. ಅದನ್ನು ಅರ್ಧಕ್ಕಿಳಿಸಿದರೂ ಕಣ್ಣಿಗೆ ವ್ಯತ್ಯಾಸ ತಿಳಿಯದು. ಆದರೆ ಎಣ್ಣೆ ಹಾಕಿ ಬಾಚಿದ ಜಡೆಯ ಪ್ರತಿ ಹೆಣಿಗೆಯ ಉಬ್ಬಿನ ಮೇಲೂ ಒಂದು ಹೊಳಪಿನ ಪಟ್ಟಿ ಇರುತ್ತದೆ. ಅಲ್ಲಿ ಅಳತೆ 120–160ಕ್ಕೆ ಏರುತ್ತದೆ. ಹೂವಿನ ನೆರಳು ಕಾಣಿಸುವುದು ಆ ಹೊಳಪಿನಲ್ಲಿ ಮಾತ್ರ. ನಿಜವಾದ ಹೂ ಪಕ್ಕದ ಹೊಳಪನ್ನು ನುಂಗಿಬಿಡುತ್ತದೆ. ಅಂಟಿಸಿದ ಹೂವಿನ ಪಕ್ಕದಲ್ಲಿ ಹೊಳಪು ಏನೂ ಆಗದಂತೆ ಹಾಗೇ ಓಡುತ್ತಿರುತ್ತದೆ. ಆಳದ ಮಿಕ್ಕ ಸುಳಿವೆಲ್ಲ ಇರುವುದು ಹೂವಿನ ಮೇಲೆಯೇ, ಅಂದರೆ ಬಿಳಿಯ ಮೇಲೆ ಬೀಳುವ ನೆರಳಿನಲ್ಲಿ. ಹಾಗಾಗಿ ಈ ಕೆಲಸದಲ್ಲಿ ಕೂದಲಿಗಿಂತ ಹೂವಿನ ಮೇಲೆ ಹೆಚ್ಚು ಹೊತ್ತು ಕಳೆಯಬೇಕಾಗುತ್ತದೆ.

ಒಂದು ಉದಾಹರಣೆ ಹಿಡಿದುಕೊಂಡು ಪೂರ್ತಿ ನೋಡೋಣ. ಹೆಣ್ಣುಮಗಳೊಬ್ಬಳು ಬೆನ್ನು ತಿರುಗಿಸಿ ನಿಂತ ಫೋಟೋ. 24 ಮೆಗಾಪಿಕ್ಸೆಲ್ ಕ್ಯಾಮೆರಾ, ಉದ್ದುದ್ದ ಹಿಡಿದದ್ದು, 4000×6000 ಪಿಕ್ಸೆಲ್. ಎಡಗಡೆ ಕಿಟಕಿ, ಬೆಳಕು ಎಡದಿಂದ ಸ್ವಲ್ಪ ಮೇಲಿನಿಂದ ಬರುತ್ತಿದೆ. ಮೂರು ಕಾಲಿನ ಸಾದಾ ಜಡೆ. ಸಾಫ್ಟ್‌ವೇರ್ ಫೋಟೋಶಾಪ್ ಎಂದಿಟ್ಟುಕೊಳ್ಳೋಣ. ಇಲ್ಲಿ ಬಳಸುವ Multiply, Curves, ಲೇಯರ್ ಮಾಸ್ಕ್ ಮೂರೂ ಉಚಿತವಾಗಿ ಸಿಗುವ ಜಿಂಪ್‌ನಲ್ಲೂ ಇವೆ.

ಮೊದಲು ಅಳತೆ

ಹೆಕ್ಕತ್ತಿನ ಬಳಿ ಜಡೆಯ ಅಗಲ ಸುಮಾರು 5 ಸೆಂ.ಮೀ. ಎಂದುಕೊಂಡರೆ, ಚಿತ್ರದಲ್ಲಿ ಅದು 600 ಪಿಕ್ಸೆಲ್ ಬಂದಿದೆ. ಅಲ್ಲಿಗೆ 1 ಸೆಂ.ಮೀ.ಗೆ 120 ಪಿಕ್ಸೆಲ್. ಈ ಒಂದು ಸಂಖ್ಯೆಯನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಮುಂದಿನದೆಲ್ಲ ಇದರಿಂದಲೇ ಹೊರಡುತ್ತದೆ. ಮಲ್ಲಿಗೆ ಮೊಗ್ಗಿನ ತಲೆ ಸುಮಾರು 1 ಸೆಂ.ಮೀ. ಇದ್ದರೆ ಅದು 120 ಪಿಕ್ಸೆಲ್ ಆಗಬೇಕು. ಕಟ್ಟಿದ ಮಾಲೆಯ ಅಗಲ ಎರಡೂವರೆ ಸೆಂ.ಮೀ. ಇದ್ದರೆ 300 ಪಿಕ್ಸೆಲ್. ಕಣ್ಣಂದಾಜಿನಲ್ಲಿ ಹಿಗ್ಗಿಸಿದ ಹೂಗಳು ಸಾಮಾನ್ಯವಾಗಿ ಒಂದೂವರೆ ಪಟ್ಟು ದೊಡ್ಡದಾಗಿರುತ್ತವೆ. ನೋಡುವವರಿಗೆ ಏನು ತಪ್ಪೆಂದು ಹೇಳಲು ಬರುವುದಿಲ್ಲ, ‘ಪ್ಲಾಸ್ಟಿಕ್ ಹೂ ಥರ ಇದೆ’ ಅನ್ನುತ್ತಾರೆ ಅಷ್ಟೆ.

ಉದ್ದದ ಲೆಕ್ಕವೂ ಬೇಕು. ಒಂದು ಮೊಳ ಅಂದರೆ ಮೊಣಕೈಯಿಂದ ಬೆರಳ ತುದಿಯವರೆಗೆ, ಹತ್ತಿರ ಹತ್ತಿರ 45 ಸೆಂ.ಮೀ. ಅದನ್ನು ಎರಡು ಮಡಿ ಮಾಡಿ, ಆ ಜೋಡಿ ಸಾಲಿನ ಎರಡೂ ತುದಿಗಳನ್ನು ಜಡೆಯ ಬುಡದಲ್ಲಿ 6 ಸೆಂ.ಮೀ. ಅಂತರದಲ್ಲಿ ಪಿನ್ ಮಾಡಿ ಇಳಿಬಿಟ್ಟರೆ, 22 ಸೆಂ.ಮೀ. ಉದ್ದದ ಎರಡು ಸಾಲುಗಳು ಸುಮಾರು 10 ಸೆಂ.ಮೀ. ಕೆಳಗಿಳಿದು ಮತ್ತೆ ಮೇಲೇರುತ್ತವೆ. ನಮ್ಮ ಚಿತ್ರದಲ್ಲಿ ಇದು 1200 ಪಿಕ್ಸೆಲ್ ಇಳಿತ. ತಳದಲ್ಲಿ ಮಾಲೆ ದುಂಡಗೆ ತಿರುಗಬೇಕು, ಚೂಪಾಗಿ ಮುರಿದಂತೆ ಇರಬಾರದು. ಉಡುಪಿಯ ಕಡೆ ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟಿದ ಮಲ್ಲಿಗೆಯಾದರೆ ಆ ತಿರುವು ಇನ್ನೂ ಅಗಲ, ಏಕೆಂದರೆ ಒತ್ತಾದ ಮಾಲೆ ಅಷ್ಟು ಸುಲಭವಾಗಿ ಮಡಿಯುವುದಿಲ್ಲ. ದಾರದಲ್ಲಿ ಸಡಿಲವಾಗಿ ಕಟ್ಟಿದ್ದಾದರೆ ಜಡೆಯ ಉಬ್ಬುತಗ್ಗಿಗೆ ತಕ್ಕಂತೆ ಬಳುಕುತ್ತದೆ, ಅಲ್ಲಲ್ಲಿ ಹಸಿರು ತೊಟ್ಟು ಕಾಣುತ್ತದೆ.

ಹೂವಿನ ಫೋಟೋ ನೀವೇ ತೆಗೆಯಿರಿ

ಇದು ನನ್ನ ಗಟ್ಟಿ ಅಭಿಪ್ರಾಯ. ಹುಡುಕಿ ಇಳಿಸಿಕೊಂಡ ಮಾಲೆಯ ಚಿತ್ರಗಳಲ್ಲಿ ಹೆಚ್ಚಿನವು ಬಿಳಿ ಹಿನ್ನೆಲೆಯವು, ನೇರ ಬೆಳಕಿನವು, ಎಲ್ಲ ಕಡೆಯಿಂದಲೂ ಬೆಳಗಿದವು. ಅವುಗಳಲ್ಲಿ ನೆರಳೇ ಇರುವುದಿಲ್ಲ, ಇಲ್ಲದ್ದನ್ನು ಆಮೇಲೆ ಬಿಡಿಸಿ ಕೂಡಿಸುವುದು ಎರಡರಷ್ಟು ಕೆಲಸ. ಅದಲ್ಲದೆ ಬಿಳಿ ಹಿನ್ನೆಲೆಯಿಂದ ಕತ್ತರಿಸಿದ ಹೂವಿನ ಅಂಚಿನಲ್ಲಿ ಒಂದೆರಡು ಪಿಕ್ಸೆಲ್ ಬಿಳಿ ಉಳಿದೇ ಉಳಿಯುತ್ತದೆ. ಕಪ್ಪು ಕೂದಲಿನ ಮೇಲೆ ಅದು ಸುಣ್ಣದ ಗೆರೆಯ ಹಾಗೆ ಎದ್ದು ಕಾಣುತ್ತದೆ.

ಮಾಡಬೇಕಾದ್ದು ಇಷ್ಟೆ. ಒಂದು ಕಪ್ಪು ಚೌರಿಯನ್ನು ಹೆಣೆದು ಗೋಡೆಯ ಮೊಳೆಗೆ ನೇತುಹಾಕಿ, ಅದಕ್ಕೆ ನಿಜವಾದ ಒಂದು ಮೊಳ ಹೂವನ್ನು ಪಿನ್ ಮಾಡಿ, ಪಕ್ಕದ ಕಿಟಕಿಯ ಬೆಳಕಿನಲ್ಲಿ ಕ್ಲಿಕ್ಕಿಸಿ. ಚೌರಿ ಇಲ್ಲದಿದ್ದರೆ ಕಪ್ಪು ಬಟ್ಟೆ ಸುತ್ತಿದ ಬಾಟಲಿ ಸಾಕು. ಮಾಲೆ ದುಂಡಗಿನ ಮೈಯ ಮೇಲೆ ಬಾಗಬೇಕು, ಅದು ಮುಖ್ಯ. ಚಪ್ಪಟೆ ಮೇಜಿನ ಮೇಲೆ ಮಲಗಿಸಿ ತೆಗೆದ ಮಾಲೆಯಲ್ಲಿ ಎಲ್ಲ ಮೊಗ್ಗುಗಳೂ ಕ್ಯಾಮೆರಾವನ್ನೇ ನೋಡುತ್ತಿರುತ್ತವೆ. ಜಡೆಯ ಮೇಲೆ ಹಾಗಾಗುವುದಿಲ್ಲ. ನಡುವಿನ ಮೊಗ್ಗುಗಳು ನಮ್ಮತ್ತ, ಅಂಚಿನವು ಪಕ್ಕಕ್ಕೆ ತಿರುಗಿರುತ್ತವೆ. ಬೆಳಕು ಎಡಗಡೆಯಿಂದ ಬೇಕಾಗಿದ್ದು ನಿಮ್ಮ ಕಿಟಕಿ ಬಲಕ್ಕಿದ್ದರೆ ಚಿಂತೆಯಿಲ್ಲ, ಚಿತ್ರವನ್ನು ಅಡ್ಡಲಾಗಿ ಮಗುಚಿದರಾಯಿತು. ಮೇಲೆ ಕೆಳಗೆ ಮಾತ್ರ ಮಗುಚಬೇಡಿ. ಇಳಿಬಿದ್ದ ಹೂವಿನ ಭಾರ ಎತ್ತಲೆಂದು ಕಣ್ಣಿಗೆ ತಿಳಿಯುತ್ತದೆ.

ಹೂವಿಗೆ ಕ್ಯಾಮೆರಾದ ಎಕ್ಸ್‌ಪೋಷರನ್ನು ಒಂದು ಸ್ಟಾಪ್ ಕಡಿಮೆ ಇಡಿ. ಕಪ್ಪು ಹಿನ್ನೆಲೆ ನೋಡಿದ ಕ್ಯಾಮೆರಾ ತಾನಾಗಿಯೇ ಬೆಳಕು ಹೆಚ್ಚಿಸಿ ಎಸಳುಗಳನ್ನು ಸುಟ್ಟುಬಿಡುತ್ತದೆ. ಎಸಳಿನ ಮಡಿಕೆಗಳು ಒಮ್ಮೆ 255ಕ್ಕೆ ಹೋದರೆ ಆಮೇಲೆ ಎಷ್ಟು ಇಳಿಸಿದರೂ ಬೂದು ಬಣ್ಣದ ಚಪ್ಪಟೆ ಹಾಳೆ ಸಿಗುತ್ತದೆಯೇ ಹೊರತು ಮಡಿಕೆ ಮರಳುವುದಿಲ್ಲ.

ಬೆಳಕಿನ ದಿಕ್ಕು ಗೊತ್ತುಮಾಡಿಕೊಳ್ಳಲು ಕೂದಲ ಹೊಳಪನ್ನು ನಂಬಬೇಡಿ. ಕೂದಲಿನ ಹೊಳಪು ಕನ್ನಡಿಯ ರೀತಿಯ ಪ್ರತಿಫಲನ. ಕೂದಲು ಯಾವ ಕಡೆಗೆ ಬಾಚಿದೆ, ಕ್ಯಾಮೆರಾ ಎಲ್ಲಿದೆ ಎಂಬುದರ ಮೇಲೆ ಅದರ ಜಾಗ ಬದಲಾಗುತ್ತದೆ. ರವಿಕೆಯ ನೆರಿಗೆ, ಕಿವಿಯ ಹಿಂದಿನ ನೆರಳು, ಕತ್ತಿನ ಒಂದು ಬದಿ ಕಪ್ಪಾಗಿರುವುದು, ಇವು ಹೇಳಿದ್ದೇ ಸರಿ.

ಕೂರಿಸುವುದು ಮತ್ತು ಬಿಳಿಯನ್ನು ಇಳಿಸುವುದು

ಕತ್ತರಿಸಿದ ಮಾಲೆಯನ್ನು ಹೊಸ ಲೇಯರಿನಲ್ಲಿಟ್ಟು, ಅಳತೆಗೆ ತಂದು, Edit > Transform > Warp ನಿಂದ ಜಡೆಯ ಬಾಗಿಗೆ ಹೊಂದಿಸಿ. ಒಂದೇ ತುಂಡಾಗಿ ಎಳೆದರೆ ಮೊಗ್ಗುಗಳು ಉದ್ದುದ್ದಕ್ಕೆ ಹಿಗ್ಗಿ ಹುಣಸೆ ಬೀಜದಂತಾಗುತ್ತವೆ. ಮಾಲೆಯನ್ನು ಎಡ ಇಳಿತ, ತಳದ ತಿರುವು, ಬಲ ಏರು ಎಂದು ಮೂರು ತುಂಡು ಮಾಡಿ ಪ್ರತಿಯೊಂದನ್ನೂ ತಿರುಗಿಸಿ ಕೂಡಿಸುವುದು ಮೇಲು. ಜೋಡಣೆಯ ಕಡೆ ಇನ್ನೊಂದೆರಡು ಬಿಡಿ ಮೊಗ್ಗು ಇಟ್ಟು ಮುಚ್ಚಬಹುದು. ಅದೇ ಅರಳಿದ ಹೂ ಎರಡು ಕಡೆ ಕಂಡರೆ ಒಂದನ್ನು ತೆಗೆದುಬಿಡಿ. ಅರೆಬಿರಿದ ಹೂ ಒಂದೊಂದೂ ಬೇರೆ ಬೇರೆ ಇರುವುದರಿಂದ ಅವಳಿಗಳನ್ನು ಕಣ್ಣು ಬೇಗ ಹಿಡಿಯುತ್ತದೆ.

ಮಾಲೆಯ ತುದಿಗಳು ಕಾಣಬಾರದು. ನಿಜದಲ್ಲಿ ದಾರದ ತುದಿಯನ್ನು ಮೊದಲ ಹೆಣಿಗೆಯ ಒಳಗೆ ತೂರಿಸಿ ಪಿನ್ ಹಾಕುತ್ತಾರೆ. ಚಿತ್ರದಲ್ಲೂ ಕೊನೆಯ 3–4 ಮಿ.ಮೀ., ಅಂದರೆ 40–50 ಪಿಕ್ಸೆಲ್, ಕೂದಲಿನ ಕೆಳಗೆ ಮರೆಯಾಗಬೇಕು. ಅದಕ್ಕಾಗಿ ಮೂಲ ಫೋಟೋದ ಒಂದು ಪ್ರತಿಯನ್ನು ಹೂವಿನ ಲೇಯರಿಗಿಂತ ಮೇಲಿಟ್ಟು, ಅದಕ್ಕೆ ಪೂರ್ತಿ ಕಪ್ಪು ಮಾಸ್ಕ್ ಹಾಕಿ, ಹೆಣಿಗೆ ಹೂವಿನ ಮೇಲೆ ಬರಬೇಕಾದ ಕಡೆ ಮಾತ್ರ ಬಿಳಿ ಬ್ರಷ್ ಆಡಿಸಿ. ಬ್ರಷ್ಷನ್ನು ಕೂದಲು ಓಡುವ ದಿಕ್ಕಿನಲ್ಲೇ ಎಳೆಯಬೇಕು. ಅಡ್ಡ ಎಳೆದರೆ ಅಂಚು ಕತ್ತರಿಯಿಂದ ಕತ್ತರಿಸಿದಂತೆ ಬರುತ್ತದೆ.

ಇನ್ನು ಬಣ್ಣ. ಮಲ್ಲಿಗೆ ಬಿಳಿ ಎಂದು ನಮಗೆ ಗೊತ್ತಿರುವುದೇ ಇಲ್ಲಿನ ಅಡ್ಡಿ. ಫೋಟೋದಲ್ಲಿ ಅಚ್ಚ ಬಿಳಿ ಇರುವುದು ಬೆಳಕಿಗೆ ನೇರ ಮುಖ ಮಾಡಿದ ಒಂದೆರಡು ಎಸಳಿನ ತುದಿಯಲ್ಲಿ ಮಾತ್ರ. ಹೂವಿನ ಲೇಯರಿಗೆ ಕ್ಲಿಪ್ ಮಾಡಿದ, ಅಂದರೆ ಹೂವಿನ ಮೇಲೆ ಮಾತ್ರ ಕೆಲಸ ಮಾಡುವ, Curves ಲೇಯರಿನಲ್ಲಿ ಬಲತುದಿಯ ಬಿಂದುವನ್ನು 255ರಿಂದ 235ರ ಆಸುಪಾಸಿಗೆ ಇಳಿಸಿ. ಬೆಳಕಿನ ಕಡೆಯ ಎಸಳುಗಳು 190–225, ಮರೆಯ ಕಡೆಯವು 110–150, ಮೊಗ್ಗು ಮೊಗ್ಗಿನ ನಡುವಿನ ಸಂದು 60–90ರ ಒಳಗೆ ಬಂದರೆ ಈ ಥರದ ಕಿಟಕಿ ಬೆಳಕಿಗೆ ಹೊಂದುತ್ತದೆ. ಫೋಟೋದಲ್ಲಿ ಬೇರೆ ಬಿಳಿ ವಸ್ತುವೇನಾದರೂ ಇದ್ದರೆ, ರವಿಕೆಯ ಅಂಚೋ ಗೋಡೆಯ ಸುಣ್ಣವೋ, ಅದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಿ. ಹಳದಿ ಬಲ್ಬುಗಳ ಕಲ್ಯಾಣಮಂಟಪದಲ್ಲಿ ಮಲ್ಲಿಗೆ ಕೆನೆ ಬಣ್ಣದ್ದೇ ಆಗಿರಬೇಕು; ಅಲ್ಲಿ ಅದನ್ನು ಬೆಳ್ಳಗೆ ಬಿಟ್ಟರೆ ಹೊರಗಿನಿಂದ ಬಂದದ್ದೆಂದು ಕೂಡಲೇ ಗೊತ್ತಾಗುತ್ತದೆ.

ನೆರಳುಗಳು

ಒಂದೇ ನೆರಳು ಎಂದುಕೊಂಡು ಹೊರಟರೆ Drop Shadow ಸಾಕು ಅನ್ನಿಸುತ್ತದೆ. ಅದು ಮಾಡುವುದೇನೆಂದರೆ, ಹೂವಿನ ಆಕಾರವನ್ನೇ ಒಂದು ಕಡೆಗೆ ಜರುಗಿಸಿ ಎಲ್ಲ ಕಡೆ ಒಂದೇ ಅಂತರ, ಒಂದೇ ಮಸುಕು ಇಟ್ಟು ಬಳಿಯುತ್ತದೆ. ಹೂ ಚಪ್ಪಟೆ ಕಾಗದ, ಜಡೆ ಚಪ್ಪಟೆ ಗೋಡೆ ಎಂಬ ಲೆಕ್ಕ ಅದರದ್ದು. ನಿಜವಾದ ಮಾಲೆ ಕೆಲವೆಡೆ ಕೂದಲಿಗೆ ತಾಗಿರುತ್ತದೆ, ಕೆಲವೆಡೆ ಒಂದೂವರೆ ಸೆಂ.ಮೀ. ಎದ್ದಿರುತ್ತದೆ. ತಾಗಿದಲ್ಲಿ ನೆರಳು ಕಿರಿದು, ಗಾಢ, ಚೂಪು. ಎದ್ದಲ್ಲಿ ಅಗಲ, ತೆಳು, ಮಸುಕು.

ತಾಗುವ ಕಡೆಯ ನೆರಳಿನಿಂದ ಆರಂಭಿಸಿ. ಹೂವಿನ ಲೇಯರಿನ ಕೆಳಗೆ ಹೊಸ ಲೇಯರ್, ಬ್ಲೆಂಡ್ ಮೋಡ್ Multiply. ಬಣ್ಣ ಕಡುಕಂದು, #2b1a12 ಸರಿಹೋಗುತ್ತದೆ. ಮೆತ್ತನೆಯ ಬ್ರಷ್ಷನ್ನು 30 ಪಿಕ್ಸೆಲ್ಲಿಗೆ ಇಟ್ಟು, ಮೊಗ್ಗು ಕೂದಲಿಗೆ ತಾಗುವ ಗೆರೆಯುದ್ದಕ್ಕೂ ಸುತ್ತ ಎಳೆಯಿರಿ. ಬೆಳಕಿನ ಕಡೆಯಲ್ಲೂ ತೆಳ್ಳಗೆ ಇರಬೇಕು, ಏಕೆಂದರೆ ಎರಡು ವಸ್ತು ತಾಗುವ ಸಂದಿಗೆ ಯಾವ ದಿಕ್ಕಿನ ಬೆಳಕೂ ಪೂರ್ತಿ ಇಳಿಯುವುದಿಲ್ಲ. Opacity 70ರ ಸುತ್ತ ಸಾಕು.

Multiply ಯಾಕೆ ಬೇಕೆಂಬುದರ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಅಚ್ಚ ಕಪ್ಪಿನಿಂದ ಬಳಿದರೆ Normal ಆದರೂ ಒಂದೇ, Multiply ಆದರೂ ಒಂದೇ: 60 ಪ್ರತಿಶತದಲ್ಲಿ ಎರಡೂ ಕೆಳಗಿನ ಬಣ್ಣವನ್ನು 0.4ರಿಂದ ಗುಣಿಸುತ್ತವೆ. ವ್ಯತ್ಯಾಸ ಬರುವುದು ಬಣ್ಣವಿರುವ ನೆರಳಿನಲ್ಲಿ. 15ರ ಅಳತೆಯ ಕೂದಲಿನ ಮೇಲೆ 50ರ ಅಳತೆಯ ಕಂದು ಬಣ್ಣವನ್ನು Normalನಲ್ಲಿ 60 ಪ್ರತಿಶತ ಹಾಕಿದರೆ ಸಿಗುವುದು 36. ನೆರಳು ಹಾಕಿದ ಜಾಗ ಮೊದಲಿಗಿಂತ ಬೆಳಕಾಯಿತು! ಕೂದಲಿನ ಮೇಲೆ ಹೊಗೆ ಕವಿದಂತೆ ಕಾಣುವ ನೆರಳುಗಳ ಗುಟ್ಟು ಇದೇ. Multiplyನಲ್ಲಿ ಅದೇ ಲೆಕ್ಕ 8ರ ಹತ್ತಿರ ನಿಲ್ಲುತ್ತದೆ, ಕೂದಲೆಳೆಗಳ ನಡುವಿನ ವ್ಯತ್ಯಾಸವೂ ಉಳಿಯುತ್ತದೆ.

ಎರಡನೆಯದು ಬೀಳುವ ನೆರಳು. ಇದರ ಉದ್ದ, ಮಸುಕು ಎರಡನ್ನೂ ಲೆಕ್ಕಹಾಕಬಹುದು. ಬೆಳಕು 45 ಡಿಗ್ರಿ ಓರೆಯಿಂದ ಬೀಳುತ್ತಿದ್ದರೆ ನೆರಳಿನ ಉದ್ದ ಹೂವಿನ ಎತ್ತರದಷ್ಟೇ: ಒಂದೂವರೆ ಸೆಂ.ಮೀ., ಅಂದರೆ 180 ಪಿಕ್ಸೆಲ್. ಅಂಚಿನ ಮಸುಕು ಎಷ್ಟೆಂಬುದು ಬೆಳಕಿನ ಅಗಲವನ್ನು ಅದರ ದೂರದಿಂದ ಭಾಗಿಸಿದಷ್ಟು. 1 ಮೀಟರ್ ಅಗಲದ ಕಿಟಕಿ 2 ಮೀಟರ್ ದೂರದಲ್ಲಿದ್ದರೆ ಅದು ಹೂ ಎದ್ದಿರುವ ಎತ್ತರದ ಅರ್ಧ. ಒಂದೂವರೆ ಸೆಂ.ಮೀ. ಎದ್ದಿರುವ ಎಸಳಿನ ನೆರಳಿನ ಅಂಚು ಮುಕ್ಕಾಲು ಸೆಂ.ಮೀ.ನಷ್ಟು, 90 ಪಿಕ್ಸೆಲ್ ಹರಡುತ್ತದೆ. Gaussian Blurನ Radius ಆ ಹರವಿನ ಮೂರನೇ ಒಂದರಷ್ಟು ಇಟ್ಟರೆ ಸರಿಹೊಂದುತ್ತದೆ, ಇಲ್ಲಿ 25–30. ಅದೇ ಬಯಲಿನ ಬಿಸಿಲಾದರೆ ಮಸುಕು ದೂರದ ನೂರರಲ್ಲೊಂದು ಭಾಗಕ್ಕಿಂತಲೂ ಕಡಿಮೆ, ಒಂದೆರಡು ಪಿಕ್ಸೆಲ್. ಬಿಸಿಲಿನ ಫೋಟೋಕ್ಕೆ 25ರ ಮಸುಕು ಹಾಕಿದರೆ ಹೂ ಒಳಾಂಗಣದಲ್ಲಿ, ಹುಡುಗಿ ಹೊರಾಂಗಣದಲ್ಲಿ ಇದ್ದಂತಾಗುತ್ತದೆ.

ಕೈಕೆಲಸ ಹೀಗೆ: Ctrl ಒತ್ತಿ ಹೂವಿನ ಲೇಯರಿನ ಪುಟ್ಟ ಚಿತ್ರದ ಮೇಲೆ ಕ್ಲಿಕ್ ಮಾಡಿದರೆ ಅದರ ಆಕಾರ ಆಯ್ಕೆಯಾಗುತ್ತದೆ. ಹೂವಿನ ಕೆಳಗೆ ಹೊಸ Multiply ಲೇಯರಿನಲ್ಲಿ ಅದೇ ಕಂದು ತುಂಬಿ, ಆಯ್ಕೆಯನ್ನು ಬಿಡಿಸಿ. ಇಂಥ ಎರಡು ಪ್ರತಿ ಮಾಡಿ. ಒಂದನ್ನು ಬಲಕ್ಕೆ ಕೊಂಚ ಕೆಳಕ್ಕೆ 50 ಪಿಕ್ಸೆಲ್ ಸರಿಸಿ, Radius 8, Opacity 60. ಇನ್ನೊಂದನ್ನು 130 ಪಿಕ್ಸೆಲ್ ಸರಿಸಿ, Radius 25, Opacity 35. ಎರಡೂ ಸೇರಿದಾಗ ಹೂವಿನ ಬುಡದಲ್ಲಿ ಗಾಢವಾಗಿ ಹೊರಗೆ ಕರಗುವ ನೆರಳು ಸಿಗುತ್ತದೆ. ಬಳಿಕ ಮಾಸ್ಕ್ ಹಾಕಿ, ಜಡೆಯ ಹೊರಗೆ ಬಿದ್ದದ್ದನ್ನೆಲ್ಲ ಅಳಿಸಿ. ಹೆಣಿಗೆಗಳ ನಡುವಿನ ತಗ್ಗಿನಲ್ಲಿ ನೆರಳಿನ ಅಂಚು ಇನ್ನೂ ಹತ್ತಿಪ್ಪತ್ತು ಪಿಕ್ಸೆಲ್ ಬಲಕ್ಕೆ ಸರಿಯಬೇಕು, ಉಬ್ಬಿನ ಮೇಲೆ ಹಿಂದೆ ಬರಬೇಕು. ನೇರ ಗೆರೆಯಂಥ ಅಂಚು ಜಡೆಯನ್ನು ಚಪ್ಪಟೆ ಮಾಡಿಬಿಡುತ್ತದೆ. ಇದಕ್ಕೆ Warpನಲ್ಲಿ ನಾಲ್ಕು ಸಣ್ಣ ಎಳೆತ ಸಾಕು.

ಮೂರನೆಯದು ನೆರಳಲ್ಲ, ಹೊಳಪನ್ನು ತಗ್ಗಿಸುವುದು. ಬೀಳುವ ನೆರಳು ಹಾಕಿದ ಮೇಲೂ 150ರ ಹೊಳಪು 90ರಲ್ಲಿ ಉಳಿದು, ನೆರಳಿನೊಳಗೂ ಕೂದಲು ಮಿರುಗುತ್ತಿರುವುದುಂಟು. ಮುಖ್ಯ ಬೆಳಕೇ ಮರೆಯಾದ ಮೇಲೆ ಅದು ಕೊಟ್ಟ ಹೊಳಪು ಇರಲಾರದು. ಮೂಲ ಫೋಟೋದ ಮೇಲೆಯೇ ಒಂದು Curves ಲೇಯರ್ ಇಟ್ಟು, ಬಲತುದಿಯನ್ನು 110ಕ್ಕೆ ಇಳಿಸಿ, ಎಡತುದಿಯನ್ನು ಮುಟ್ಟದೆ ಬಿಡಿ. ಮಾಸ್ಕನ್ನು ಕಪ್ಪು ಮಾಡಿ, ನೆರಳು ಬಿದ್ದಿರುವ ಹೊಳಪಿನ ಪಟ್ಟಿಗಳ ಮೇಲೆ ಮಾತ್ರ ಬಿಳಿ ಬ್ರಷ್ ಆಡಿಸಿ. ಈ ಒಂದು ಹೆಜ್ಜೆಗೆ ಐದು ನಿಮಿಷ ಹಿಡಿಯಬಹುದು, ಆದರೆ ಹೂ ಜಡೆಗೆ ಕೂತುಕೊಂಡಿತು ಎಂದು ಮೊದಲ ಬಾರಿಗೆ ಅನ್ನಿಸುವುದು ಇದಾದ ಮೇಲೆಯೇ.

ಒಂದು ಎಚ್ಚರ. ಕಿಟಕಿ ಎಡಕ್ಕಿರುವುದರಿಂದ ದುಂಡಗಿನ ಜಡೆಯ ಬಲಭಾಗ ಆಗಲೇ ಮಬ್ಬಿನಲ್ಲಿದೆ. ಅಲ್ಲಿಗೆ ಕಿಟಕಿಯ ನೇರ ಬೆಳಕು ಬರುವುದೇ ಇಲ್ಲವಾದ್ದರಿಂದ ಹೂ ತಡೆಯುವುದಕ್ಕೂ ಏನಿಲ್ಲ. ಬೀಳುವ ನೆರಳನ್ನು ಅಲ್ಲಿ ಕರಗಿಸಿಬಿಡಬೇಕು, ತಾಗುವ ನೆರಳು ಮಾತ್ರ ಇರಲಿ. ರವಿಕೆಯ ಮೇಲೂ ಅದೇ ನಿಯಮ: ಜಡೆಯ ನೆರಳು ಆಗಲೇ ಬಿದ್ದ ಜಾಗದ ಮೇಲೆ ಹೂವಿನ ನೆರಳು ಸೇರಿ ಎರಡರಷ್ಟು ಕಪ್ಪಾಗುವುದಿಲ್ಲ. ಮಾಲೆ ಜಡೆಯ ಅಂಚನ್ನು ದಾಟಿ ಹೊರಚಾಚಿದ ಕಡೆ, ಜಡೆಯ ನೆರಳಿನ ಅಂಚು ಮೊಗ್ಗಿನ ಆಕಾರದಲ್ಲಿ ಸ್ವಲ್ಪ ಉಬ್ಬುತ್ತದೆ, ಅಷ್ಟೆ. ಬೆನ್ನು ಹೂವಿನಿಂದ ಹೆಚ್ಚು ದೂರವಿರುವುದರಿಂದ ಆ ಉಬ್ಬು ಇನ್ನೂ ಮಸುಕು.

ಈಗ ಹೂವಿನ ಮೇಲಿನ ನೆರಳು. ಹೂವಿನ ಲೇಯರಿಗೆ ಕ್ಲಿಪ್ ಮಾಡಿದ ಇನ್ನೊಂದು Multiply ಲೇಯರ್ ಬೇಕು. ಇಲ್ಲಿ ಕಂದು ಬಣ್ಣ ನಡೆಯದು. ಬಿಳಿ ಎಸಳು ಬಾಡಿದಂತೆ ಕಾಣುತ್ತದೆ. ಕಿಟಕಿ ಬೆಳಕಿನಲ್ಲಿ ಎಸಳಿನ ಮರೆ ತುಸು ನೀಲಿ ಬೆರೆತ ಬೂದು, ಕತ್ತಿನ ಚರ್ಮಕ್ಕೆ ಹತ್ತಿರವಾದ ಕಡೆ ತುಸು ಬೆಚ್ಚನೆಯ ಬಣ್ಣ, ತೊಟ್ಟಿನ ಬಳಿ ಹಸಿರು ಛಾಯೆ. ಎಡ ಇಳಿತದ ಮೊಗ್ಗುಗಳನ್ನು ಹಾಗೇ ಬಿಟ್ಟು, ಬಲ ಏರಿನ ಮೊಗ್ಗುಗಳನ್ನು ಒಟ್ಟಾರೆ ಕಾಲು ಭಾಗದಷ್ಟು ಇಳಿಸಿ. ಮಾಲೆ ಹೆಣಿಗೆಯ ಕೆಳಗೆ ನುಗ್ಗುವ ಕಡೆ 30–40 ಪಿಕ್ಸೆಲ್ ಅಗಲದ ಗಾಢ ನೆರಳು ಎಸಳಿನ ಮೇಲೆಯೇ ಬೀಳಬೇಕು. ಎರಡು ಸಾಲುಗಳಲ್ಲಿ ಮೇಲಿನದರ ನೆರಳು ಕೆಳಗಿನದರ ಮೇಲೆ ಬೀಳಲಿ. ಕಪ್ಪು ಕೂದಲಿನಲ್ಲಿ ಕಾಣದೇ ಹೋದ ಆಳವೆಲ್ಲ ಈ ಬಿಳಿಯ ಮೇಲೆ ಕಾಣಿಸುತ್ತದೆ, ಆದ್ದರಿಂದ ಇಲ್ಲಿ ಅವಸರ ಬೇಡ.

ಹೂವಿನ ಮೇಲೆ ಒಂದೆರಡು ಕೂದಲು

ಹೂ ಮುಡಿಸಿದ ಯಾವ ಜಡೆಯಲ್ಲೂ ಕೂದಲು ಪೂರ್ತಿ ಕೆಳಗೆ, ಹೂ ಪೂರ್ತಿ ಮೇಲೆ ಇರುವುದಿಲ್ಲ. ಒಂದೆರಡು ಕೂದಲು ಮೊಗ್ಗಿನ ಮೇಲೆ ಹಾದಿರುತ್ತವೆ. ಇವನ್ನು ಬಿಡಿಸುವಾಗ ದಪ್ಪದ ಲೆಕ್ಕ ತಪ್ಪುವುದು ಸಾಮಾನ್ಯ. ಕೂದಲಿನ ದಪ್ಪ ಸುಮಾರು 0.07 ಮಿ.ಮೀ. ನಮ್ಮ ಅಳತೆಯಲ್ಲಿ ಅದು 1 ಪಿಕ್ಸೆಲ್ಲಿಗಿಂತ ಕಡಿಮೆ. ಹಾಗಾಗಿ ಬ್ರಷ್ 1 ಅಥವಾ 2 ಪಿಕ್ಸೆಲ್ ಇರಲಿ. 5 ಪಿಕ್ಸೆಲ್ ಇಟ್ಟರೆ ತಂತಿ ಸುತ್ತಿದಂತೆ. ಬಣ್ಣವನ್ನು ಪಕ್ಕದ ಕೂದಲಿನಿಂದಲೇ ಎತ್ತಿಕೊಳ್ಳಿ. ಐದಾರು ಎಳೆ ಸಾಕು, ಒಂದಕ್ಕೊಂದು ಸಮಾನಾಂತರವಾಗಿರಬಾರದು, ಜಡೆಯ ಬುಡದ ಹತ್ತಿರ ಹೆಚ್ಚು, ತಳದಲ್ಲಿ ಕಡಿಮೆ. ಆ ಎಳೆಗಳ ಲೇಯರನ್ನು ನಕಲು ಮಾಡಿ, 3 ಪಿಕ್ಸೆಲ್ ಬಲಕ್ಕೆ ಸರಿಸಿ, Radius 2ರಷ್ಟು ಮಸುಕು ಮಾಡಿ, Opacity 25ಕ್ಕೆ ಇಳಿಸಿ ಹೂವಿಗೆ ಕ್ಲಿಪ್ ಮಾಡಿ. ಎಳೆಗೂ ಎಸಳಿಗೂ ನಡುವೆ ಗಾಳಿ ಇದೆಯೆಂದು ಆಗ ಅನ್ನಿಸುತ್ತದೆ.

ಕೊನೆಗೆ ಫೋಕಸ್ ಮತ್ತು ಗ್ರೇನ್. ಹೂವಿನ ಚಿತ್ರವನ್ನು ಚಿಕ್ಕದು ಮಾಡಿದಾಗ ಅದು ಮೂಲ ಫೋಟೋಗಿಂತ ಚೂಪಾಗುತ್ತದೆ. 100 ಪ್ರತಿಶತದಲ್ಲಿ ಹೂವನ್ನೂ ಅದರ ಪಕ್ಕದ ಕೂದಲನ್ನೂ ಹೋಲಿಸಿ, 0.5ರಿಂದ 1.5ರವರೆಗೆ ಮಸುಕು ಕೊಡಿ. ಆಮೇಲೆ Filter > Noise > Add Noise ನಿಂದ ಒಂದೂವರೆ ಎರಡು ಪ್ರತಿಶತ ಗ್ರೇನ್. ಒಳಾಂಗಣದ ಹೆಚ್ಚು ಐಎಸ್‌ಒ ಫೋಟೋಕ್ಕೆ ಇನ್ನೂ ಬೇಕಾಗಬಹುದು.

ಪರೀಕ್ಷೆಗೆ ಎಲ್ಲದರ ಮೇಲೆ ಒಂದು ತಾತ್ಕಾಲಿಕ Curves ಲೇಯರ್ ಇಟ್ಟು ಕಡುಭಾಗವನ್ನು ಜೋರಾಗಿ ಮೇಲೆತ್ತಿ ನೋಡಿ. ಕಪ್ಪಿನಲ್ಲಿ ಅಡಗಿದ್ದ ಬ್ರಷ್ಷಿನ ಗೀಚು, ಮಾಸ್ಕಿನ ಗಟ್ಟಿ ಅಂಚು, ಜಡೆಯ ಹೊರಗೆ ಉಳಿದ ನೆರಳಿನ ಚೂರು ಎಲ್ಲ ಬಯಲಾಗುತ್ತವೆ. ನಿಮ್ಮ ಮಾನಿಟರಿನಲ್ಲಿ ಕಾಣದಿದ್ದರೂ ಬೆಳಕು ಹೆಚ್ಚಿಟ್ಟ ಫೋನಿನಲ್ಲಿ ಮನೆಯವರಿಗೆ ಕಾಣುವುದು ಇವೇ. ಇನ್ನೊಂದು ಲೇಯರಿನಲ್ಲಿ Saturation −100 ಮಾಡಿ ಕಪ್ಪುಬಿಳುಪಾಗಿ ನೋಡಿ. ಚಿತ್ರದಲ್ಲಿ ಎಲ್ಲಕ್ಕಿಂತ ಮೊದಲು ಹೂವೇ ಕಣ್ಣಿಗೆ ಹೊಡೆದರೆ ಬಿಳಿಯನ್ನು ಇನ್ನೂ ಹತ್ತು ಅಂಕ ಇಳಿಸಬೇಕು. ನೋಡಿಯಾದ ಮೇಲೆ ಇವೆರಡನ್ನೂ ಅಳಿಸುವುದನ್ನು ಮರೆಯಬೇಡಿ.

ಕ್ಲಿಪ್ಪು, ಜಡೆಬಿಲ್ಲೆ

ಲೋಹದ ವಸ್ತುವಿಗೆ ಮೇಲಿನ ಲೆಕ್ಕವೇ ಅನ್ವಯ, ಆದರೆ ಎರಡು ವಿಷಯ ಬೇರೆ. ಜಡೆಬಿಲ್ಲೆ ಕೂದಲಿನಿಂದ ಏಳುವುದು 2–3 ಮಿ.ಮೀ. ಮಾತ್ರ. ಹಾಗಾಗಿ ಬೀಳುವ ನೆರಳು 25–35 ಪಿಕ್ಸೆಲ್ಲಿನ ಕಿರಿದಾದ ಪಟ್ಟಿ, ಅಂಚೂ ಬಹಳ ಮಸುಕಲ್ಲ. ಹೂವಿಗೆ ಹಾಕಿದ ದೊಡ್ಡ ನೆರಳನ್ನೇ ಬಿಲ್ಲೆಗೂ ಹಾಕಿದರೆ ಅದು ಗಾಳಿಯಲ್ಲಿ ತೇಲುತ್ತದೆ. ಎರಡನೆಯದಾಗಿ, ಚಿನ್ನ ತನ್ನ ಸುತ್ತಲಿನದನ್ನು ತೋರಿಸುತ್ತದೆ. ಕಪ್ಪು ಕೂದಲಿನ ನಡುವೆ ಇರುವ ಬಿಲ್ಲೆಯ ಇಳಿಜಾರಿನ ಅಂಚುಗಳು ಕೂದಲನ್ನೇ ಪ್ರತಿಫಲಿಸಿ ಕಡುಕಂದಾಗಿ ಕಾಣಬೇಕು. ಹಳದಿಯಾಗಿ ಮಿಂಚುವುದು ಕಿಟಕಿಯತ್ತ ತಿರುಗಿದ ಮುಖ ಮಾತ್ರ. ಅಂಗಡಿಯ ಕ್ಯಾಟಲಾಗಿನ ಚಿತ್ರದಲ್ಲಿ ಬಿಳಿ ಹಿನ್ನೆಲೆಯ ಪ್ರತಿಫಲನ ಅಂಚಿನಲ್ಲೆಲ್ಲ ಇರುತ್ತದೆ, ಅದನ್ನು ಕ್ಲಿಪ್ ಮಾಡಿದ Multiply ಲೇಯರಿನಿಂದ ಕಂದಿಗೆ ತಿರುಗಿಸಲೇಬೇಕು.

ಕಚ್ಚಿಕೊಳ್ಳುವ ಕ್ಲಿಪ್ಪಾದರೆ ಕೂದಲು ಅದಕ್ಕೆ ಮಣಿಯಬೇಕು. Filter > Liquifyನ Forward Warp ಉಪಕರಣವನ್ನು ಕ್ಲಿಪ್ಪಿನ ಅಗಲಕ್ಕಿಂತ ದೊಡ್ಡದಾಗಿಟ್ಟು, ಕ್ಲಿಪ್ಪಿರುವ ಸಾಲಿನಲ್ಲಿ ಜಡೆಯ ಎರಡೂ ಅಂಚುಗಳನ್ನು 10–12 ಪಿಕ್ಸೆಲ್ ಒಳಕ್ಕೆ ತಳ್ಳಿ, ಅದರ ಮೇಲೆ ಕೆಳಗೆ ಅಷ್ಟೇ ಹೊರಕ್ಕೆ ಉಬ್ಬಿಸಿ. ಇದನ್ನು ನೆರಳು ಹಾಕುವ ಮೊದಲೇ ಮಾಡಬೇಕು, ಇಲ್ಲದಿದ್ದರೆ ಹಾಕಿದ ನೆರಳನ್ನೆಲ್ಲ ಮತ್ತೆ ಸರಿಸುತ್ತ ಕೂರಬೇಕಾಗುತ್ತದೆ.

ಕ್ಯಾಮೆರಾದ ಮೇಲಿನ ಫ್ಲ್ಯಾಶ್‌ನಿಂದ ತೆಗೆದ ಫೋಟೋ ಬಂದರೆ ಈ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ಬೆಳಕು ಲೆನ್ಸಿನ ದಿಕ್ಕಿನಿಂದಲೇ ಹೋಗುವುದರಿಂದ ಬೀಳುವ ನೆರಳು ಹೂವಿನ ಹಿಂದೆಯೇ ಅಡಗುತ್ತದೆ, ಫ್ಲ್ಯಾಶ್ ಇದ್ದ ಬದಿಗೆ ಎದುರಾಗಿ ಒಂದು ಚೂಪಾದ ಕಪ್ಪು ಗೆರೆ ಮಾತ್ರ ಕಾಣುತ್ತದೆ. ಹೂವೂ ನಿಜವಾಗಿಯೇ 250ರ ಹತ್ತಿರ ಬೆಳಗಿರುತ್ತದೆ. ಅಂಥ ಫೋಟೋಕ್ಕೆ 25ರ ಮಸುಕಿನ ಮೆತ್ತನೆಯ ನೆರಳು ಹಾಕಲು ಹೋಗದೆ, ತಾಗುವ ನೆರಳು, ಆ ಒಂದು ಗೆರೆ, ಹೆಣಿಗೆಯ ಕೆಳಗೆ ನುಗ್ಗಿದ ತುದಿಗಳು, ಇಷ್ಟಕ್ಕೆ ನಿಲ್ಲಿಸಿ.